ನಿಂತ ಆಟೋಗೆ ಗಂಟೆಗೆ ನಲವತ್ತು ರೂಪಾಯಿ

ಇವತ್ತು ಸಂಜೆ ಮೆಜೆಸ್ಟಿಕ್ ಬಳಿ ಕಂಡ ಜಗಳದಿಂದ ತಲೆ ಇನ್ನೂ ಕಾದಿದೆ. ಚೀಲ ಹಿಡಿದ ಹೆಂಗಸೊಬ್ಬರು ಜಯನಗರಕ್ಕೆ ಹೋಗಬೇಕೆಂದರು. ಚಾಲಕ ಇನ್ನೂರು ಕೇಳಿದ. "ಮೀಟರ್ ಹಾಕಪ್ಪ" ಎಂದರೆ, "ಈ ಟ್ರಾಫಿಕ್‌ನಲ್ಲಿ ಮೀಟರ್ ದರ ಗಿಟ್ಟುವುದಿಲ್ಲ ಅಮ್ಮಾ" ಎಂದ. ಸುತ್ತ ನಿಂತವರೆಲ್ಲ ಅವನನ್ನು ಕಳ್ಳನೆಂದರು. ಅಪ್ಪ ಆಟೋ ಓಡಿಸಿಯೇ ನನ್ನನ್ನು ಓದಿಸಿದ್ದು ನಿಮಗೆಲ್ಲ ಗೊತ್ತು. ಆ ಮಾತು ನನಗೆ ಚುಚ್ಚಿತು.

ಲೆಕ್ಕ ಹಾಕೋಣ. 2025ರ ಆಗಸ್ಟ್‌ನಿಂದ ಬೆಂಗಳೂರಿನಲ್ಲಿ ಮೊದಲ ಎರಡು ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18. ಆ ದಾರಿ ಆರು ಕಿಲೋಮೀಟರ್ ಎಂದುಕೊಂಡರೆ 108 ರೂಪಾಯಿ. ರಸ್ತೆ ಖಾಲಿಯಿದ್ದರೆ ಇಪ್ಪತ್ತು ನಿಮಿಷದ ದುಡಿಮೆ. ಸಂಜೆ ಆರಕ್ಕೆ ಅದೇ ದಾರಿ ಒಂದು ಗಂಟೆ ನುಂಗುತ್ತದೆ. ಅದರಲ್ಲಿ ಇಪ್ಪತ್ತೈದು ನಿಮಿಷ ಗಾಡಿ ನಿಂತೇ ಇರುತ್ತದೆ ಎನ್ನಿ. ಕಾಯುವ ದರದ ಪ್ರಕಾರ ಮೊದಲ ಐದು ನಿಮಿಷ ಉಚಿತ, ಬಳಿಕ ಪ್ರತಿ ಹದಿನೈದು ನಿಮಿಷಕ್ಕೆ ಅಥವಾ ಅದರ ಭಾಗಕ್ಕೆ 10 ರೂಪಾಯಿ. ಅಲ್ಲಿಗೆ 20 ರೂಪಾಯಿ ಸೇರಿ ಒಟ್ಟು 128. ನಲವತ್ತು ನಿಮಿಷ ಹೆಚ್ಚು ದುಡಿದವನಿಗೆ ಸಿಕ್ಕಿದ್ದು ಇಪ್ಪತ್ತೇ ರೂಪಾಯಿ! ನಿಂತ ಆಟೋಗೆ ಗಂಟೆಗೆ ನಲವತ್ತು ರೂಪಾಯಿ ಎಂದು ಬರೆದವರು ಸಂಜೆಯ ಸಿಗ್ನಲ್‌ನಲ್ಲಿ ಒಮ್ಮೆ ಕುಳಿತು ನೋಡಬೇಕಿತ್ತು.

ಆ ಹೆಂಗಸು ಸೀಟಿನ ಹಿಂದಿನ ಡಿಸ್‌ಪ್ಲೇ ಕಾರ್ಡಿನ ಫೋಟೋ ತೆಗೆದರು. ಅದರಲ್ಲಿದ್ದ ಮುಖ ಬೇರೆಯವರದು. ಅದು ತಪ್ಪು, ಗಾಡಿ ಓಡಿಸುವವನ ಕಾರ್ಡೇ ಅಲ್ಲಿರಬೇಕು. ಬಹುಶಃ ಅವನದು ಬಾಡಿಗೆ ಗಾಡಿ. ಬಾಡಿಗೆಗೆ ತಂದವನು ಸಂಜೆ ಮಾಲೀಕನಿಗೆ ಕೊಡುವ ಹಣ ದಿನದ ಲೆಕ್ಕದ್ದು, ಕಿಲೋಮೀಟರಿನದಲ್ಲ. ಅವನಿಗೆ ಸಮಯವೇ ಖರ್ಚು, ಮೀಟರಿಗೆ ಮಾತ್ರ ಸಮಯದ ಬೆಲೆ ಗೊತ್ತಿಲ್ಲ.

ಬೆಳಗಿನ ಆರಕ್ಕೂ ಇನ್ನೂರು ಕೇಳುತ್ತಾರಲ್ಲ ಎನ್ನುವಿರಿ. ಕೇಳುತ್ತಾರೆ, ಅದು ಶುದ್ಧ ಸುಲಿಗೆ. ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ಒಂದೂವರೆ ಪಟ್ಟು ಪಡೆಯಲು ನಿಯಮವೇ ಇದೆ, ಅದರಾಚೆ ಕೇಳುವವನಿಗೆ ದಂಡ ಬೀಳಲಿ. ಎರಡು ಕಿಲೋಮೀಟರ್ ಆಗುವ ಮೊದಲೇ, ಎಲ್ಲೂ ಕಾಯದಿದ್ದರೂ 36 ದಾಟಿ ಓಡುವ ಮೀಟರ್ ಕಂಡರೆ ದೂರು ಕೊಡಿ. ಆದರೆ ಅಂಥವರನ್ನೆಲ್ಲ ಹಿಡಿದರೂ ಸಂಜೆಯ ಈ ಜಗಳ ನಿಲ್ಲುವುದಿಲ್ಲ, ಏಕೆಂದರೆ ಅದರ ಬೇರು ದರಪಟ್ಟಿಯಲ್ಲೇ ಇದೆ.

ನನ್ನ ಬೇಡಿಕೆ ಒಂದೇ. ಉಚಿತದ ಐದು ನಿಮಿಷ ತೆಗೆದುಹಾಕಿ, ನಿಂತ ಪ್ರತಿ ನಿಮಿಷಕ್ಕೆ ಎರಡು ರೂಪಾಯಿ ಕೊಡಿ. ಆಗ ಅದೇ ಪ್ರಯಾಣಕ್ಕೆ 158 ಆಗುತ್ತದೆ. ಆ ಹೆಂಗಸು ಇನ್ನೂರರ ಬದಲು ಅಷ್ಟನ್ನು ಚೌಕಾಸಿಯಿಲ್ಲದೆ ಕೊಡುತ್ತಿದ್ದರು, ಅವನೂ ಹೊರಡುತ್ತಿದ್ದ. ಅಷ್ಟು ಮಾಡಿದ ಮೇಲೂ ಮೀಟರ್ ಹಾಕದವನ ಪರ್ಮಿಟ್ ಅಮಾನತು ಮಾಡಿ, ನಾನು ಒಂದು ಮಾತೂ ಆಡುವುದಿಲ್ಲ.