ರೇಟನ್ನು ಚಿತ್ರದೊಳಗೆ ಹೂತಿಡುವ ಮಹಾಶಯರಿಗೆ

ಇವತ್ತು ಬೆಳಿಗ್ಗೆ ನಮ್ಮ ಬೆಳೆಗಾರರ ಫೇಸ್‌ಬುಕ್ ಗ್ರೂಪಿಗೆ ಕಾಫಿ ರೇಟು ಬಂತು. ಬಿಳಿ ಹಿನ್ನೆಲೆ, ಮೇಲೆ ಹಳದಿ ಅಕ್ಷರ, ಮೂಲೆಯಲ್ಲಿ ಹಬೆಯಾಡುವ ಕಾಫಿ ಕಪ್ಪು. ಅರೇಬಿಕಾ ಪಾರ್ಚ್‌ಮೆಂಟ್, ರೋಬಸ್ಟಾ ಚೆರಿ, ಕರಿಮೆಣಸು ಎಲ್ಲಾ ಅದರೊಳಗೇ. ಟೈಪ್ ಮಾಡಿದ್ದರೆ ಮೂರೇ ಸಾಲು!

ನಮ್ಮ ದೊಡ್ಡಪ್ಪ ನಿಮಗೆಲ್ಲ ಗೊತ್ತು. ಸಕ್ಕರೆ ಕಾಯಿಲೆಯಿಂದ ಕಣ್ಣಿನ ಪರದೆ ಹಾಳಾಗಿದೆ. ಅವರ ಫೋನಿನಲ್ಲಿ ಅಕ್ಷರದ ಗಾತ್ರ ತುದಿಗೆ ಎಳೆದಿಟ್ಟಿದ್ದೇನೆ, ಹೈ ಕಾಂಟ್ರಾಸ್ಟ್ ಆನ್, ಕಣ್ಣು ದಣಿದಾಗ ಓದಿ ಹೇಳಲು ಟಾಕ್‌ಬ್ಯಾಕ್. ಆದರೆ ಇವೆಲ್ಲ ಕೆಲಸ ಮಾಡುವುದು ಟೈಪ್ ಮಾಡಿದ ಅಕ್ಷರದ ಮೇಲೆ. ಚಿತ್ರದೊಳಗಿನ ಅಕ್ಷರ ಫೋನಿನ ಪಾಲಿಗೆ ಬರೀ ಬಣ್ಣದ ಚುಕ್ಕೆ. ಅದು ದೊಡ್ಡದಾಗುವುದಿಲ್ಲ, ಕಪ್ಪಾಗುವುದಿಲ್ಲ, ನೆಚ್ಚಿಕೊಳ್ಳುವಂತೆ ಮಾತಾಡುವುದೂ ಇಲ್ಲ. ಹಬ್ಬದ ಶುಭಾಶಯದ ಮಿನುಗುವ ವಿಡಿಯೊಗಳದ್ದೂ ಇದೇ ಕಥೆ: ಫೋನಿನಲ್ಲಿ ಅನಿಮೇಷನ್ ಆಫ್ ಮಾಡಿದರೆ ಪುಟಗಳು ಜಾರುವುದು ನಿಲ್ಲುತ್ತದೆ, ವಿಡಿಯೊದೊಳಗಿನ ನಕ್ಷತ್ರ ನಿಲ್ಲುವುದಿಲ್ಲ.

ಬಣ್ಣದ ವಿಷಯಕ್ಕೆ ಬಂದರೆ, ಡಬ್ಲ್ಯುಸಿಎಜಿ ಎಂಬ ವೆಬ್ ನಿಯಮಾವಳಿ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಹೊಳಪಿನ ಅಂತರ ಕೇಳುತ್ತದೆ. ಬಿಳಿಯ ಮೇಲೆ ಕಪ್ಪು 21:1. ಬಿಳಿಯ ಮೇಲೆ ಅಚ್ಚ ಹಳದಿ? 1.07:1. ಹೆಚ್ಚುಕಡಿಮೆ ಬರೆದೇ ಇಲ್ಲ ಅಂತ ಲೆಕ್ಕ. ಡಿಸೈನ್ ಮಾಡಿದವರಿಗೆ ದೊಡ್ಡ ನಮಸ್ಕಾರ.

"ಝೂಮ್ ಮಾಡಿ ನೋಡ್ಲಿ ಬಿಡಿ" ಅಂದರು ಗ್ರೂಪಿನ ಒಬ್ಬರು. ಮಾಡಿ ನೋಡಿ ಸ್ವಾಮಿ. ಬಲಕ್ಕೆ ಸರಿಸಿದರೆ ರೇಟು ಸಿಗುತ್ತದೆ, ಅದು ಯಾವುದರ ರೇಟು ಎಂಬುದು ಎಡಗಡೆ ಪರದೆಯಾಚೆ ಹೋಗಿರುತ್ತದೆ. ಮೆಣಸಿನ ರೇಟು ನೋಡಿ ಕಾಫಿ ಏರಿತು ಅಂತ ದೊಡ್ಡಪ್ಪ ಖುಷಿಪಟ್ಟರೆ ಆ ಖುಷಿಗೆ ಯಾರು ಹೊಣೆ?

ಇನ್ನೊಬ್ಬರದ್ದು, ಫೇಸ್‌ಬುಕ್ಕೇ ಚಿತ್ರ ವಿವರಿಸುತ್ತದಲ್ಲ ಎಂಬ ವಾದ. ಹೌದು, 2016ರಿಂದ ವಿವರಿಸುತ್ತಿದೆ. ದೊಡ್ಡಪ್ಪನಿಗೆ ಕೇಳಿಸಿದ್ದು ಇಷ್ಟು: "May be an image of coffee cup and text". ಕಪ್ಪು ಇದೆಯಂತೆ, ಅಕ್ಷರವೂ ಇದೆಯಂತೆ. ರೇಟು ಎಷ್ಟಪ್ಪಾ?

ಫೋಟೋ ಹಾಕುವಾಗ ಎಡಿಟ್ ಒಳಗೆ, ಚಿತ್ರದಲ್ಲಿ ಏನಿದೆ ಎಂದು ನಾವೇ ಬರೆದಿಡಲು "Alt text" ಎಂಬ ಜಾಗವಿದೆ. ಅಲ್ಲಿ "ಕಾಫಿ ರೇಟ್ ಪೋಸ್ಟರ್" ಅಂತ ಬರೆದು ಕೈತೊಳೆದುಕೊಳ್ಳಬೇಡಿ. ಪ್ರತಿಯೊಂದರ ಹೆಸರು, ಪಕ್ಕದಲ್ಲಿ ಅದರ ರೇಟು ಬರೆಯಿರಿ. ಆದರೆ ಅದು ಕೇಳಿಸುವುದು ಟಾಕ್‌ಬ್ಯಾಕಿನಂಥದ್ದನ್ನು ಬಳಸುವವರಿಗೆ ಮಾತ್ರ. ದೊಡ್ಡ ಅಕ್ಷರ ಇಟ್ಟುಕೊಂಡು ಕಣ್ಣಲ್ಲೇ ಓದುವವರಿಗೆ ಅದು ಕಾಣುವುದೇ ಇಲ್ಲ. ಹಾಗಾಗಿ ಒಂದನ್ನೇ ಮಾಡುವಷ್ಟು ಪುರುಸೊತ್ತಿದ್ದರೆ, ಆ ಮೂರು ಸಾಲನ್ನು ಪೋಸ್ಟಿನಲ್ಲೇ ಟೈಪ್ ಮಾಡಿ. ಹಬೆಯಾಡುವ ಕಪ್ಪನ್ನೂ ಕೆಳಗೆ ಅಂಟಿಸಿಕೊಳ್ಳಿ, ಯಾರು ಬೇಡ ಅಂದರು? ಮಳೆಗಾಲದಲ್ಲಿ ನಮ್ಮೂರ ಒಂದು ಕಡ್ಡಿ ನೆಟ್‌ವರ್ಕಿಗೆ ಮೊದಲು ಬರುವುದೂ ಆ ಮೂರು ಸಾಲೇ, ಕಪ್ಪಿನ ಚಿತ್ರ ಮಧ್ಯಾಹ್ನ ಬರುತ್ತದೆ.