ಲಾರಿಯ ಒಂದು ದಿನದ ಆರೋಗ್ಯ

ಬ್ರೇಕ್ ಹಿಡಿಯದೆ ಲಾರಿಯೊಂದು ಮುಂದಿದ್ದವರ ಮೇಲೆ ಹರಿದ ಸುದ್ದಿ ಬಂದಾಗಲೆಲ್ಲ ಕೊನೆಯ ಸಾಲಿನಲ್ಲಿ ಒಂದು ಸಮಾಧಾನ ಇದ್ದೇ ಇರುತ್ತದೆ: ‘ವಾಹನದ ಎಫ್‌ಸಿ ಚಾಲ್ತಿಯಲ್ಲಿತ್ತು.’ ಕಾಗದ ಗಟ್ಟಿಮುಟ್ಟಾಗಿತ್ತು, ಲಾರಿಗೆ ಮಾತ್ರ ಆ ವಿಷಯ ತಿಳಿದಿರಲಿಲ್ಲ.

ಬಾಡಿಗೆಗೆ ಓಡುವ ವಾಹನಕ್ಕೆ ಎಫ್‌ಸಿ ಎಂಬ ಈ ಅರ್ಹತಾ ಪತ್ರ ಇಲ್ಲದಿದ್ದರೆ ಅದರ ನೋಂದಣಿಗೇ ಬೆಲೆಯಿಲ್ಲ ಎನ್ನುತ್ತದೆ 1988ರ ಮೋಟಾರು ವಾಹನ ಕಾಯ್ದೆಯ 56ನೇ ಕಲಂ. ಕಾರಣ ಸರಳ: ಅದು ದಿನವಿಡೀ ಓಡುತ್ತದೆ, ಪರರ ಜೀವ ಹೊರುತ್ತದೆ. ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ ಪರೀಕ್ಷೆ, ಆಮೇಲೆ ಪ್ರತಿವರ್ಷ. ದಿನಕ್ಕೆ 300 ಕಿಲೋಮೀಟರ್ ಓಡುವ ಬಸ್ಸು ಎರಡು ವರ್ಷದಲ್ಲಿ ಎರಡು ಲಕ್ಷ ದಾಟುತ್ತದೆ. ಅಷ್ಟರಲ್ಲಿ ಬ್ರೇಕ್ ಲೈನಿಂಗ್ ಎಷ್ಟು ಬಾರಿ ಸವೆಯುತ್ತದೆಂದು ಕಾಗದ ಕೇಳುವುದಿಲ್ಲ.

ಪರೀಕ್ಷೆಯ ದಿನದ ವೈಭವ ನೋಡಬೇಕು. ಮೈಗೆ ಹೊಸ ಬಣ್ಣ, ಅಂಚಿಗೆ ಹೊಳೆಯುವ ಪಟ್ಟಿ, ಪಕ್ಕದ ಲಾರಿಯಿಂದ ಬಿಚ್ಚಿ ತಂದ ಟೈರು. ಮದುವೆಮನೆಗೆ ಎರವಲು ತಂದ ಒಡವೆಯಂತೆ ಅಗ್ನಿಶಾಮಕ ಸಿಲಿಂಡರ್ ಚಾಲಕನ ಪಕ್ಕದಲ್ಲಿ ಮಿನುಗುತ್ತಿರುತ್ತದೆ. ಸಂಜೆಗೆ ಎಲ್ಲವೂ ಮಾಲೀಕರ ಮನೆ ಸೇರುತ್ತವೆ. ಅವಧಿ ಮೀರಿದರೆ ದಿನಕ್ಕೆ 50 ರೂಪಾಯಿ ದಂಡವೆಂದು ನಿಯಮ ಬರೆದವರು, ಎರವಲು ಟೈರಿಗೆ ದರ ನಿಗದಿ ಮಾಡಲು ಮರೆತರು.

ಈ ನಾಟಕಕ್ಕೆ ಮದ್ದೆಂದು ಸ್ವಯಂಚಾಲಿತ ಪರೀಕ್ಷಾ ಕೇಂದ್ರಗಳು ಬಂದಿವೆ. ನಿಜಕ್ಕೂ ಒಳ್ಳೆಯ ಕೆಲಸ. ಅಲ್ಲಿ ಚಕ್ರಗಳನ್ನು ತಿರುಗುವ ರೋಲರ್ ಮೇಲೆ ನಿಲ್ಲಿಸಿ, ಬ್ರೇಕ್ ಒತ್ತಿದಾಗ ಎಡಕ್ಕೆಷ್ಟು, ಬಲಕ್ಕೆಷ್ಟು ಬಲ ಬಿತ್ತೆಂದು ಯಂತ್ರ ಅಳೆಯುತ್ತದೆ. ಮುಂದಿನ ಎಡಚಕ್ರ 800 ಕಿಲೋ ಬಲದಲ್ಲಿ ಹಿಡಿದು, ಬಲಚಕ್ರ 480ಕ್ಕೇ ಸುಸ್ತಾದರೆ ಲಾರಿ ನಿಲ್ಲುತ್ತದೆ, ಆದರೆ ಎಡಕ್ಕೆ ಎಳೆದುಕೊಂಡು. ಮಳೆಯಲ್ಲಿ ನೆಂದ ರಸ್ತೆಯಲ್ಲಿ ಅಷ್ಟು ಸಾಕು. ಒಂದು ಸುತ್ತು ಓಡಿಸಿ ನೋಡಿ ‘ಪರವಾಗಿಲ್ಲ’ ಎನ್ನುವ ಕಣ್ಣಿಗೆ ಈ 320 ಕಿಲೋ ವ್ಯತ್ಯಾಸ ಕಾಣುವುದಿಲ್ಲ. ಹೊಗೆ, ಹೆಡ್‌ಲೈಟಿನ ಕೋನ, ಮುಂಚಕ್ರಗಳ ಅಡ್ಡಜಾರು ಇವನ್ನೂ ಯಂತ್ರವೇ ಅಳೆಯುತ್ತದೆ. ಸಡಿಲ ಬೋಲ್ಟು, ಬಿರುಕು ಬಿಟ್ಟ ಚಾಸಿಸ್ ಮಾತ್ರ ಈಗಲೂ ಮನುಷ್ಯನ ಕಣ್ಣಿನ ಕೆಲಸ. ಆ ಕಣ್ಣು ಎಲ್ಲಿ ನೋಡುತ್ತದೆ, ಎಲ್ಲಿ ಮುಚ್ಚುತ್ತದೆ ಎಂಬುದು ಲಾರಿಯವರಿಗೆಲ್ಲ ಗೊತ್ತು.

ಇನ್ನೊಂದು ತಮಾಷೆ. ಸಾಮಾನ್ಯವಾಗಿ ಪರೀಕ್ಷೆಗೆ ಬರುವ ಲಾರಿ ಖಾಲಿ. ಮರುದಿನ ಅದೇ ಲಾರಿ ಮಿತಿ ಮೀರಿ ಜಲ್ಲಿ ತುಂಬಿಕೊಂಡು ಘಾಟಿ ಇಳಿಯುತ್ತದೆ. ಬ್ರೇಕ್ ಡ್ರಮ್ ಕಾಯುತ್ತದೆ, ಲೈನಿಂಗ್ ಹಿಡಿತ ಬಿಡುತ್ತದೆ. ಖಾಲಿ ಲಾರಿ ಪಡೆದ ಅಂಕವನ್ನು ಜಲ್ಲಿ ಲಾರಿ ತೋರಿಸಿಕೊಂಡು ಓಡಾಡುತ್ತದೆ.

ನಗಲು ಹೊರಟೆ, ಆಗುತ್ತಿಲ್ಲ. ಸತ್ತವರ ಮನೆಯವರಿಗೆ ಎಫ್‌ಸಿ ಚಾಲ್ತಿಯಲ್ಲಿತ್ತೆಂದು ಹೇಳುವ ಬದಲು, ಕೊನೆಯ ಪರೀಕ್ಷೆಯಲ್ಲಿ ಎಡ, ಬಲ ಚಕ್ರಗಳ ಬಲ ಎಷ್ಟಿತ್ತೆಂದು ಹೇಳಿ. ಅಳೆದೇ ಇರಲಿಲ್ಲವೆಂದರೆ ಅದನ್ನಾದರೂ ಹೇಳಿ.