ಅಂಗಡಿ ಬಾಡಿಗೆಗೆ ಜಾಮೀನು: ನಾನು ಸಹಿ ಹಾಕಲಿಲ್ಲ, ಯಾಕೆ ಅಂದ್ರೆ

ಕಳೆದ ವಾರ ಅಕ್ಕನ ಮಗ ಮನೆಗೆ ಬಂದಿದ್ದ. ಗೋಕುಲ ರಸ್ತೆಯಲ್ಲಿ ಅಂಗಡಿ ನೋಡಿದ್ದಾನೆ. ಬಾಡಿಗೆ ತಿಂಗಳಿಗೆ 50 ಸಾವಿರ, ಡಿಪಾಸಿಟ್ ಹತ್ತು ತಿಂಗಳದ್ದು, ಅಂದ್ರೆ 5 ಲಕ್ಷ. "ಮಾಮಾ, ನೀವೊಂದು ಜಾಮೀನು ಸಹಿ ಹಾಕಿದ್ರ ಡಿಪಾಸಿಟ್ ಬ್ಯಾಡಂತ ಮಾಲೀಕರು ಹೇಳ್ಯಾರ. ಆ ದುಡ್ಡಿಗೆ ಮಾಲು ತುಂಬಸ್ತೀನಿ" ಅಂದ. ಕರಾರು ಪತ್ರ ತಿರುವಿ ನೋಡಿದೆ. ಜಾಮೀನುದಾರನ ಕಲಮಿನಲ್ಲಿ ಒಂದೇ ಸಾಲು: ಬಾಡಿಗೆದಾರನಿಂದ ಬರಬೇಕಾದ ಎಲ್ಲ ಬಾಕಿಗೂ ಇವರು ಹೊಣೆ. ಮೊತ್ತ ಇಲ್ಲ, ಕೊನೆಯ ದಿನಾಂಕ ಇಲ್ಲ.

ಇದೇ ಸಾಲಿಗೆ ನಾನು 2016ರಲ್ಲಿ ಗದಗದಲ್ಲಿ ಸಹಿ ಹಾಕಿದ್ದೆ. ಗೆಳೆಯನ ಅಂಗಡಿ, ಬಾಡಿಗೆ 22 ಸಾವಿರ. ವ್ಯಾಪಾರ ಕುಸಿಯಿತು, ಅವನು ಬಾಡಿಗೆ ನಿಲ್ಲಿಸಿದ. ನನಗೆ ಯಾರೂ ಹೇಳಲಿಲ್ಲ. 14 ತಿಂಗಳಾದ ಮೇಲೆ ವಕೀಲರ ನೋಟಿಸು ನನ್ನ ಮನೆಗೇ ಬಂತು. ಬಾಡಿಗೆ 3,08,000, ಕರೆಂಟ್ ಬಿಲ್ಲು ಮತ್ತು ರಿಪೇರಿ ಸೇರಿ 41 ಸಾವಿರ. "ಮೊದಲು ಅವನನ್ನ ಕೇಳ್ರಿ" ಅಂದೆ. ಕೇಳಬೇಕಿಲ್ಲವಂತೆ. 1872ರ ಕರಾರು ಕಾಯ್ದೆಯ 128ನೇ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ರೀತಿ ಬರೆಯದಿದ್ದರೆ ಸಾಲಗಾರನಿಗೆ ಎಷ್ಟು ಹೊಣೆಯೋ ಜಾಮೀನುದಾರನಿಗೂ ಅಷ್ಟೇ. ನಾನು ಕೊಟ್ಟದ್ದನ್ನು ಗೆಳೆಯನಿಂದ ವಸೂಲಿ ಮಾಡುವ ಹಕ್ಕು ಕಾಯ್ದೆಯಲ್ಲಿದೆ, ಆದರೆ ಅವನ ಹತ್ತಿರ ಏನೂ ಉಳಿದಿರಲಿಲ್ಲ. ಮನೆಯವಳ ಬಳೆ ಒತ್ತೆ ಇಟ್ಟು ಎರಡು ಕಂತಿನಲ್ಲಿ ಕಟ್ಟಿದೆ.

ಆಮೇಲೆ ನನಗೆ ಹೊಳೆದದ್ದು ಒಂದು. ಕೈಯಲ್ಲಿ ಹತ್ತು ತಿಂಗಳ ಡಿಪಾಸಿಟ್ ಇದ್ದಿದ್ದರೆ ಆ ಮಾಲೀಕರು ಆರೇಳು ತಿಂಗಳಿಗೇ ಅಂಗಡಿ ಖಾಲಿ ಮಾಡಿಸುತ್ತಿದ್ದರು. ದುಡ್ಡು ಕರಗುವುದು ಅವರ ಕಣ್ಣಿಗೆ ಕಾಣುತ್ತಿತ್ತು. ಜಾಮೀನಿಗೆ ತಳವೇ ಇರಲಿಲ್ಲ, ಹಾಗಾಗಿ ಅವಸರವೂ ಇರಲಿಲ್ಲ. ಬಾಕಿ ಬೆಳೆಯುತ್ತ ಹೋಯಿತು, ಬೆಳೆದದ್ದೆಲ್ಲ ನನ್ನ ತಲೆಗೆ ಬಂತು.

ಅದಕ್ಕೇ ಅಳಿಯನಿಗೆ ಬ್ಯಾಂಕ್ ಗ್ಯಾರಂಟಿ ಮಾಡಿಸು ಅಂದೆ. ಬಾಡಿಗೆದಾರ ಬಾಕಿ ಉಳಿಸಿದರೆ ಮಾಲೀಕರಿಗೆ ನಾವು ಕೊಡುತ್ತೇವೆ ಅಂತ ಬ್ಯಾಂಕು ಬರೆದುಕೊಡುವ ಪತ್ರ ಅದು. ಅದರಲ್ಲಿ ಮೊತ್ತವೂ ಇರುತ್ತದೆ, ದಿನಾಂಕವೂ ಇರುತ್ತದೆ. ಅವನ ಮುಖ ಸಣ್ಣದಾಯಿತು, ಯಾಕೆ ಅಂದ್ರೆ ಹೊಸ ಅಂಗಡಿಯವನಿಗೆ ಬ್ಯಾಂಕು ಸುಮ್ನೆ ಗ್ಯಾರಂಟಿ ಕೊಡುವುದಿಲ್ಲ. ಬೇರೆ ಅಡವು ಇಲ್ಲದಿದ್ದರೆ ಸಾಮಾನ್ಯವಾಗಿ ಪೂರ್ತಿ 5 ಲಕ್ಷವನ್ನೂ ಎಫ್‌ಡಿ ಇಡು ಅನ್ನುತ್ತದೆ. ಮಾಲು ತುಂಬಿಸಲು ದುಡ್ಡು ಉಳಿಯುವುದಿಲ್ಲ, ನಿಜ. ಆದರೆ ಕೂತು ಲೆಕ್ಕ ಹಾಕಿದೆವು. ಎಫ್‌ಡಿಗೆ ಆರೂವರೆ ಪರ್ಸೆಂಟ್ ಬಡ್ಡಿ ಅಂದುಕೊಂಡರೆ ವರ್ಷಕ್ಕೆ 32,500. ಬ್ಯಾಂಕಿನ ಕಮಿಷನ್ ಎರಡು ಪರ್ಸೆಂಟ್ ಅಂದುಕೊಂಡರೆ 10 ಸಾವಿರ, ಅದರ ಮೇಲೆ ಜಿಎಸ್‌ಟಿ 1,800. ಖರ್ಚು ಕಳೆದು 20,700 ಅವನಿಗೇ ಉಳಿಯುತ್ತದೆ. ಬಡ್ಡಿಯ ಮೇಲಿನ ತೆರಿಗೆ ಬೇರೆ. ಅದೇ 5 ಲಕ್ಷ ಮಾಲೀಕರ ಕೈಯಲ್ಲಿದ್ದರೆ ನಮ್ಮ ಕಡೆ ಬಡ್ಡಿ ಯಾರು ಕೊಡ್ತಾರೆ?

ಬ್ಯಾಂಕ್ ಗ್ಯಾರಂಟಿಯಲ್ಲೂ ಅಪಾಯ ಇದೆ, ಅದನ್ನು ಮುಚ್ಚಿಡಬಾರದು. ಕೇಳಿದ ತಕ್ಷಣ ಕೊಡುತ್ತೇವೆ ಅನ್ನುವ ಗ್ಯಾರಂಟಿಯಾದರೆ, ಮಾಲೀಕರು ಪತ್ರ ಕೊಟ್ಟ ಮೇಲೆ ಬ್ಯಾಂಕು ನಿಮ್ಮ ಜಗಳ ಕೇಳುವುದಿಲ್ಲ, ದುಡ್ಡು ಕೊಡುತ್ತದೆ. ದೊಡ್ಡ ಮೋಸ ನಡೆದಿದ್ದರೆ, ಇಲ್ಲವೇ ಸರಿಪಡಿಸಲಾಗದ ಅನ್ಯಾಯ ಆಗುವಂತಿದ್ದರೆ ಮಾತ್ರ ಕೋರ್ಟು ತಡೆಯಾಜ್ಞೆ ಕೊಡುತ್ತದೆ. ಗೋಡೆಗೆ ಬಣ್ಣ ಹಚ್ಚುವ ತಕರಾರು ಅಲ್ಲಿ ನಡೆಯುವುದಿಲ್ಲ. ಹಾಗಾಗಿ ಯಾವ ಬಾಕಿಗೆ ಕೇಳಬಹುದು, ಎಷ್ಟು ದಿನ ಮೊದಲು ನೋಟಿಸು ಕೊಡಬೇಕು ಅನ್ನೋದು ಬಾಡಿಗೆ ಕರಾರಿನಲ್ಲಿ ಇರಲೇಬೇಕು.

ಮಾಲೀಕರ ಭಯವೂ ನ್ಯಾಯವಾದದ್ದೇ. ಹಿರಿಯರು, ಫೋನಿನಲ್ಲಿ ಮೊದಲೇ ಕೇಳಿದರು: "ತಾರೀಖು ಮುಗದ್ರ ಆ ಕಾಗದಾ ಏನ್ ಮಾಡ್ಲಿ?" ಗ್ಯಾರಂಟಿಯಲ್ಲಿ ಎರಡು ದಿನಾಂಕ ಇರುತ್ತವೆ ಅಂತ ವಿವರಿಸಿದೆ. ಒಂದು ಅವಧಿ ಮುಗಿಯುವ ದಿನ, ಇನ್ನೊಂದು ಕ್ಲೇಮು ಸಲ್ಲಿಸಲು ಕೊನೆಯ ದಿನ. ಆ ಕೊನೆಯ ದಿನದೊಳಗೆ ಅವರ ಪತ್ರ ಗ್ಯಾರಂಟಿಯಲ್ಲಿ ಬರೆದ ಶಾಖೆಗೇ ಮುಟ್ಟಬೇಕು, ಮಾತಿನ ಒಕ್ಕಣೆಯೂ ಅದರಲ್ಲಿ ಇದ್ದಂತೆಯೇ ಇರಬೇಕು. ಗ್ಯಾರಂಟಿ ಕೈಗೆ ಬಂದ ದಿನವೇ ಶಾಖೆಗೆ ಹೋಗಿ ಅಸಲಿಯೇ ಅಂತ ಖಚಿತ ಮಾಡಿಕೊಳ್ಳಿರಿ ಅಂತಲೂ ಹೇಳಿದೆ.

ಕೊನೆಗೆ ಒಪ್ಪಿದರು. ಕರಾರು ಮೂರು ವರ್ಷದ್ದು, ಗ್ಯಾರಂಟಿ ವರ್ಷ ವರ್ಷ ನವೀಕರಣ. ಮುಗಿಯಲು 30 ದಿನ ಇರುವಾಗಲೂ ಅಳಿಯ ನವೀಕರಿಸದಿದ್ದರೆ ಅದನ್ನೇ ಕಾರಣವಾಗಿಟ್ಟು ಅವರು ದುಡ್ಡು ಕೇಳಬಹುದು. ಖಾಲಿ ಮಾಡಿದ ದಿನ ಬಾಕಿ ಇಲ್ಲದಿದ್ದರೆ ಮೂಲ ಪತ್ರ ವಾಪಸ್ ಕೊಡಬೇಕು, ಅದನ್ನು ಬ್ಯಾಂಕಿಗೆ ಒಪ್ಪಿಸಿದ ಮೇಲೇ ಎಫ್‌ಡಿ ಬಿಡುಗಡೆ.

ಮಾಲು ತುಂಬಿಸಲು ಅವನಿಗೆ ನಾನು ಒಂದೂವರೆ ಲಕ್ಷ ಕೈಗಡ ಕೊಟ್ಟೆ. ಅಕ್ಕ ಕೇಳಿದಳು, "ಸಹಿ ಹಾಕಾಕ ಒಲ್ಲೆ ಅಂದಿ, ರೊಕ್ಕಾ ಹೆಂಗ ಕೊಟ್ಟಿ?" ಹೋದರೆ ಎಷ್ಟು ಹೋಗುತ್ತದೆ ಅಂತ ಇಲ್ಲಿ ನನಗೆ ಗೊತ್ತಿದೆ ಅಂದೆ.